ಮನೆ ಪತ್ರ ಕೊಟ್ಟರೂ ಸಾಲದೇ, ಮನುಷ್ಯನನ್ನೂ ಬರೆಸಿಕೊಳ್ಳಬೇಕೇ?

"ಸುಮ್ನೆ ಒಂದು ಸಹಿ ಅಷ್ಟೇ ಮಾವಾ, ಸಾಲ ಕಟ್ಟೋನು ನಾನು."

ಈ ಮಾತು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕೇಳಿಬಂದಿದೆಯೋ ಲೆಕ್ಕ ಇಟ್ಟವರಿಲ್ಲ. ಅಳಿಯ ಮಾವನಿಗೆ ಹೇಳುತ್ತಾನೆ, ತಮ್ಮ ಅಣ್ಣನಿಗೆ ಹೇಳುತ್ತಾನೆ, ಅಕ್ಕನ ಮಗ ಸೋದರಮಾವನಿಗೆ ಹೇಳುತ್ತಾನೆ. ಬ್ಯಾಂಕಿನ ಟೇಬಲ್ಲಿನ ಆಚೆ ಕೂತವರೂ ಅದನ್ನೇ ಹೇಳುತ್ತಾರೆ: "ಫಾರ್ಮಾಲಿಟಿ ಯಜಮಾನರೇ, ಇಲ್ಲಿ ಹಾಕಿ, ಇಲ್ಲೊಂದು, ಇಲ್ಲಿನ್ನೊಂದು." ಮೂರು ಕಡೆ ಸಹಿ ಬೀಳುತ್ತದೆ, ಮನೆಯ ಮೂಲ ಪತ್ರ ಬ್ಯಾಂಕಿನ ಕಪಾಟು ಸೇರುತ್ತದೆ, ಎಲ್ಲರೂ ಚಹಾ ಕುಡಿದು ಬಸ್ಸು ಹತ್ತುತ್ತಾರೆ.

ನಾವು ಹೇಳುವುದು ಇಷ್ಟೇ. ಅದು ಸುಮ್ಮನೆ ಸಹಿ ಅಲ್ಲ. ಅಲ್ಲಿ ನೀವು ಒಂದಲ್ಲ, ಎರಡು ಬೇರೆ ಬೇರೆ ಒಪ್ಪಂದ ಮಾಡಿಕೊಂಡಿದ್ದೀರಿ. ಒಂದರಲ್ಲಿ ಮನೆ ಬರೆದುಕೊಟ್ಟಿದ್ದೀರಿ, ಇನ್ನೊಂದರಲ್ಲಿ ನಿಮ್ಮನ್ನೇ ಬರೆದುಕೊಟ್ಟಿದ್ದೀರಿ. ಮೊದಲನೆಯದಕ್ಕೆ ನಮ್ಮ ತಕರಾರಿಲ್ಲ. ಎರಡನೆಯದನ್ನು ಮಿತಿಯಿಲ್ಲದೆ, ಅರ್ಥ ಹೇಳದೆ, ನಕಲು ಕೊಡದೆ ಬರೆಸಿಕೊಳ್ಳುವುದಕ್ಕೆ ನಮ್ಮ ತಕರಾರಿದೆ. ಅದು ನಿಲ್ಲಬೇಕು.

ಎರಡು ಕಾಗದ, ಎರಡು ಹೊಣೆ

ಮೊದಲು ಆ ಎರಡು ಕಾಗದ ಯಾವುವು ನೋಡೋಣ.

ಒಂದು ಅಡಮಾನ. ಮನೆಯ ಮೂಲ ಪತ್ರಗಳನ್ನು ಸಾಲಕ್ಕೆ ಆಧಾರವಾಗಿ ಬ್ಯಾಂಕಿನಲ್ಲಿ ಇಡುವುದು. ಪತ್ರ ಇಟ್ಟರೆ ಸಾಕು, ಅಡಮಾನ ಆಯಿತು. ಅದರ ಬಗ್ಗೆ ಒಂದು ಜ್ಞಾಪನ ಪತ್ರ ಬರೆದು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ದರೆ ನಿಮ್ಮ ಮನೆಯ ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ಅದು ಕಾಣುತ್ತದೆ. ಸಾಲ ತೀರದಿದ್ದರೆ ಬ್ಯಾಂಕು ಆ ಮನೆಯನ್ನು ಮಾರಿ ತನ್ನ ಹಣ ತೆಗೆದುಕೊಳ್ಳಬಹುದು. ಅಡಮಾನ ಮಾತ್ರ ಕೊಟ್ಟವನ ಹೊಣೆ ಆ ಮನೆಯ ಬೆಲೆಗೆ ಮುಗಿಯುತ್ತದೆ. ಮನೆ ಹೋಯಿತು, ಲೆಕ್ಕ ಮುಗಿಯಿತು.

ಇನ್ನೊಂದು ಜಾಮೀನು ಪತ್ರ. ಇದರಲ್ಲಿ ಮನೆಯ ಮಾತಿಲ್ಲ. "ಸಾಲಗಾರ ಕಟ್ಟದಿದ್ದರೆ ನಾನು ಕಟ್ಟುತ್ತೇನೆ" ಎಂಬ ನಿಮ್ಮ ಮಾತು ಇದೆ. ಈ ಮಾತಿಗೆ ಜವಾಬು ಹೇಳಬೇಕಾದ್ದು ಮನೆಯಲ್ಲ, ನೀವು. ನಿಮ್ಮ ಉಳಿತಾಯ ಖಾತೆ, ಠೇವಣಿ, ಇನ್ನೊಂದು ಸೈಟು, ಎಲ್ಲವೂ ಆ ಮಾತಿನ ಹಿಂದೆ ನಿಂತಿರುತ್ತವೆ.

ಬ್ಯಾಂಕುಗಳು ಸಾಮಾನ್ಯವಾಗಿ ಎರಡನ್ನೂ ಒಂದೇ ಕಟ್ಟಿನಲ್ಲಿ, ಒಂದೇ ದಿನ ಸಹಿ ಮಾಡಿಸುತ್ತವೆ. ಹಾಗಾಗಿ ನಮ್ಮವರಿಗೆ ಎರಡೂ ಒಂದೇ ಅನಿಸಿಬಿಡುತ್ತದೆ. "ಮನೆ ಜಾಮೀನು ಕೊಟ್ಟಿದೀನಿ" ಅನ್ನುತ್ತಾರೆ. ಮನೆ ಜಾಮೀನು ಆಗುವುದಿಲ್ಲ. ಮನೆ ಅಡವು ಆಗುತ್ತದೆ, ಮನುಷ್ಯ ಜಾಮೀನು ಆಗುತ್ತಾನೆ. ಈ ವ್ಯತ್ಯಾಸ ತಿಳಿಯದೆ ಹೋದದ್ದರಿಂದಲೇ ಮನೆ ಹರಾಜಾದ ಮೇಲೂ ನೋಟಿಸು ಬರುವುದು ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಳಿಯ ತಾಲ್ಲೂಕು ಕೇಂದ್ರದಲ್ಲಿ ಗೊಬ್ಬರ, ಬೀಜದ ಅಂಗಡಿ ಇಡುತ್ತಾನೆ. ಬ್ಯಾಂಕಿನಲ್ಲಿ 6 ಲಕ್ಷದ ಸಿ.ಸಿ. ಸಾಲ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಬೇಕಾದಾಗ ಕಟ್ಟುವ ಸಾಲ. ಅಂಗಡಿಯ ದಾಸ್ತಾನು ಬ್ಯಾಂಕಿಗೆ ಒಂದು ಆಧಾರ. ಅದು ಸಾಲದೆಂದು ಮಾವನ ಮನೆ ಅಡಮಾನ. ಇ-ಸ್ವತ್ತು ಆಗಿರುವ, ಊರೊಳಗಿನ ಮನೆ. ಬ್ಯಾಂಕಿನ ಮೌಲ್ಯಮಾಪಕ ಅದಕ್ಕೆ 12 ಲಕ್ಷ ಬರೆದಿದ್ದಾನೆ. ಮಾವ ಜಾಮೀನು ಪತ್ರಕ್ಕೂ ಸಹಿ ಹಾಕಿದ್ದಾನೆ.

ಎರಡು ವರ್ಷ ಚೆನ್ನಾಗಿ ನಡೆಯುತ್ತದೆ. ಸಾಲದ ಮಿತಿ 10 ಲಕ್ಷಕ್ಕೆ ಏರುತ್ತದೆ. ಮಾವನನ್ನು ಮತ್ತೆ ಕರೆಸುತ್ತಾರೆ. "ರಿನ್ಯೂವಲ್ಲು" ಅನ್ನುತ್ತಾರೆ. ಅವನು ಮತ್ತೆ ಸಹಿ ಹಾಕುತ್ತಾನೆ. 6 ಎಂಬುದು 10 ಆದದ್ದು ಅವನಿಗೆ ಗೊತ್ತೇ ಆಗಿಲ್ಲದಿರಬಹುದು.

ಆಮೇಲೆ ಎರಡು ವರ್ಷ ಮಳೆ ಕೈಕೊಡುತ್ತದೆ. ಉದ್ರಿ ಕೊಟ್ಟ ಗೊಬ್ಬರದ ಹಣ ವಾಪಸು ಬರುವುದಿಲ್ಲ. ಬಡ್ಡಿ ನಿಲ್ಲುತ್ತದೆ. ಇಂಥ ಸಾಲದಲ್ಲಿ 90 ದಿನಕ್ಕಿಂತ ಹೆಚ್ಚು ಬಾಕಿ ನಿಂತರೆ ಬ್ಯಾಂಕು ಅದನ್ನು ಎನ್.ಪಿ.ಎ., ಅಂದರೆ ಸುಸ್ತಿ ಖಾತೆ ಎಂದು ಗುರುತಿಸುತ್ತದೆ. ಅಲ್ಲಿಂದ ಆಟದ ನಿಯಮವೇ ಬೇರೆ. ನೋಟಿಸು ಬರುವ ಹೊತ್ತಿಗೆ ಬಾಕಿ 11 ಲಕ್ಷ 20 ಸಾವಿರ. ಹತ್ತು ತಿಂಗಳ ನಂತರ ಮನೆ ಹರಾಜಾಗುವಾಗ ಬಡ್ಡಿ ಸೇರಿ 12 ಲಕ್ಷ 30 ಸಾವಿರ.

12 ಲಕ್ಷದ ಮನೆ ಹರಾಜಿನಲ್ಲಿ 12 ಲಕ್ಷಕ್ಕೆ ಹೋಗುತ್ತದೆ ಎಂದುಕೊಳ್ಳಬೇಡಿ. ಊರೊಳಗಿನ ಮನೆ, ಪಕ್ಕದವರ ಕಣ್ಣೀರಿನ ಮನೆ. ಊರಿನವರು ಕೂಗಲು ಹಿಂಜರಿಯುತ್ತಾರೆ, ಹೊರಗಿನವರಿಗೆ ಆ ಮನೆ ಬೇಕಿರುವುದಿಲ್ಲ. 9 ಲಕ್ಷಕ್ಕೆ ಹೋಯಿತು ಎನ್ನಿ. ಅದರಲ್ಲಿ ಮೊದಲು ಹರಾಜಿನ, ಜಾಹೀರಾತಿನ, ಸ್ವಾಧೀನದ ಖರ್ಚು ಕಳೆಯುತ್ತಾರೆ. ಅದು 50 ಸಾವಿರ ಆದರೆ ಸಾಲಕ್ಕೆ ಸೇರುವುದು 8 ಲಕ್ಷ 50 ಸಾವಿರ. ಉಳಿದ ಬಾಕಿ 3 ಲಕ್ಷ 80 ಸಾವಿರ.

ಈಗ ನೋಡಿ ಎರಡು ಕಾಗದದ ವ್ಯತ್ಯಾಸ. ಮಾವ ಅಡಮಾನ ಮಾತ್ರ ಕೊಟ್ಟಿದ್ದರೆ ಆ 3 ಲಕ್ಷ 80 ಸಾವಿರ ಅಳಿಯನ ತಲೆಯ ಮೇಲೆ. ಮಾವ ಮನೆ ಕಳೆದುಕೊಂಡ, ಆದರೆ ಸಾಲಗಾರನಾಗಿ ಉಳಿಯಲಿಲ್ಲ. ಜಾಮೀನಿಗೂ ಸಹಿ ಹಾಕಿದ್ದರಿಂದ ಆ ಹಣಕ್ಕೆ, ಅದರ ಮುಂದಿನ ಬಡ್ಡಿಗೆ, ಬ್ಯಾಂಕು ಮಾವನ ಮೇಲೂ ಕೋರ್ಟಿಗೆ ಹೋಗಬಹುದು. ಅದೇ ಬ್ಯಾಂಕಿನಲ್ಲಿ ಮಾವನ ಠೇವಣಿ ಇದ್ದರೆ, ಅದನ್ನು ಬಾಕಿಗೆ ಮುರಿದುಕೊಳ್ಳುವ ಅಧಿಕಾರವೂ ಸಾಮಾನ್ಯವಾಗಿ ಅದೇ ಜಾಮೀನು ಪತ್ರದ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಮನೆಯೂ ಹೋಯಿತು, ಮನೆ ಕಳೆದುಕೊಂಡವನೇ ಬಾಕಿದಾರನೂ ಆದ.

"ಮೊದಲು ಅವನನ್ನು ಹಿಡೀರಿ" ಅನ್ನಲು ಬರುವುದಿಲ್ಲ

ಕಟ್ಟೆಯ ಮೇಲೆ ಕೂತು ಎಲ್ಲರೂ ಹೇಳುವ ಮಾತೊಂದಿದೆ. ಸಾಲ ತಗೊಂಡವನ ಅಂಗಡಿ ಮಾರಲಿ, ಅವನ ಗಾಡಿ ಮಾರಲಿ, ಅವನಿಂದ ಏನೂ ಹುಟ್ಟದಿದ್ದರೆ ಆಮೇಲೆ ಜಾಮೀನುದಾರನ ಹತ್ತಿರ ಬರಲಿ. ನ್ಯಾಯವಾಗಿ ಕೇಳುತ್ತದೆ. ಕಾನೂನು ಹಾಗಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಹೇಳುವುದು, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು. ಅಂದರೆ ಅವನು ಎರಡನೇ ಸಾಲಿನಲ್ಲಿ ನಿಂತವನಲ್ಲ, ಪಕ್ಕದಲ್ಲಿ ನಿಂತವನು. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಪ್ರಕರಣದಲ್ಲಿ ಕೆಳಗಿನ ಕೋರ್ಟು ನಮ್ಮ ಕಟ್ಟೆಯ ನ್ಯಾಯವನ್ನೇ ಹೇಳಿತ್ತು. ಮೊದಲು ಸಾಲಗಾರನಿಂದ ವಸೂಲಿಗೆ ಎಲ್ಲ ದಾರಿ ನೋಡಿ, ಆಮೇಲೆ ಜಾಮೀನುದಾರನ ಹತ್ತಿರ ಹೋಗಿ ಎಂದಿತ್ತು. ಸುಪ್ರೀಂ ಕೋರ್ಟು 1968ರಲ್ಲಿ ಆ ಷರತ್ತನ್ನು ತೆಗೆದುಹಾಕಿತು. ಬ್ಯಾಂಕು ಕಾಯುತ್ತಾ ಕೂರಬೇಕಾದರೆ ಜಾಮೀನು ತೆಗೆದುಕೊಂಡ ಉದ್ದೇಶವೇ ಹಾಳಾಗುತ್ತದೆ ಎಂಬುದು ಅದರ ತರ್ಕ. ಅಂದಿನಿಂದ ಇಂದಿನವರೆಗೂ ಅದೇ ನಡೆಯುತ್ತಿದೆ.

2002ರ ಸರ್ಫೇಸಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ಕಾಯ್ದೆಯಲ್ಲಿ "ಸಾಲಗಾರ" ಎಂಬ ಪದದ ಅರ್ಥದೊಳಗೇ ಜಾಮೀನುದಾರನೂ, ಬೇರೆಯವರ ಸಾಲಕ್ಕೆ ಆಸ್ತಿ ಅಡವಿಟ್ಟವನೂ ಸೇರಿದ್ದಾರೆ. ಒಂದು ರೂಪಾಯಿ ಮುಟ್ಟದ ಮಾವ ಅಲ್ಲಿ ಸಾಲಗಾರನೇ. ಕೋರ್ಟಿಗೆ ಹೋಗದೆಯೇ ಬ್ಯಾಂಕು ಅವನ ಮನೆ ಹರಾಜು ಹಾಕಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಹಾಗಾಗಿ "ನಮ್ಮದು ಪಟ್ಟಣದ ಸಹಕಾರಿ ಬ್ಯಾಂಕು, ನಮ್ಮವರೇ ಡೈರೆಕ್ಟರು" ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಇಲ್ಲಿ ಇನ್ನೊಂದು ನೋವಿನ ಸಂಗತಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ, ಸಾಮಾನ್ಯ ಸಾಲದ ಡಿಕ್ರಿಗೆ ಕೃಷಿಕನೂ ಕೂಲಿಕಾರನೂ ತಾನು ವಾಸಿಸುವ ಮನೆಯನ್ನು ಕಳೆದುಕೊಳ್ಳದಂತೆ ಜಪ್ತಿಯಿಂದ ರಕ್ಷಣೆ ಕೊಟ್ಟಿದೆ. ಕೈಗಡ ಕೊಟ್ಟವನು ಕೋರ್ಟಿಗೆ ಹೋದರೂ ರೈತನ ವಾಸದ ಮನೆಯನ್ನು ಸುಲಭಕ್ಕೆ ಮುಟ್ಟುವಂತಿಲ್ಲ. ಆದರೆ ಆ ರೈತ ತಾನೇ ಪತ್ರ ತಂದು ಅಡವಿಟ್ಟರೆ ಈ ಆಸರೆಯನ್ನು ನೆಚ್ಚಿಕೊಳ್ಳಲು ಬರುವುದಿಲ್ಲ. ಕಾನೂನು ಕಟ್ಟಿಕೊಟ್ಟ ಬೇಲಿಯನ್ನು ಆ "ಸುಮ್ನೆ ಒಂದು ಸಹಿ" ಕಿತ್ತುಹಾಕುತ್ತದೆ. ಇದನ್ನು ಯಾವ ಟೇಬಲ್ಲಿನಲ್ಲಿ ಯಾರು ಹೇಳಿಕೊಟ್ಟಿದ್ದಾರೆ?

ಹೊಲದ ವಿಷಯ ಸ್ವಲ್ಪ ಬೇರೆ. ಕೃಷಿ ಭೂಮಿಯ ಮೇಲಿನ ಆಧಾರಕ್ಕೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಅದು ನಿಜವಾಗಿ ಉಳುಮೆಯ ಭೂಮಿಯಾಗಿರಬೇಕು. ಎನ್.ಎ. ಮಾಡಿಸಿ ಗೋದಾಮು ಕಟ್ಟಿದ ಜಾಗಕ್ಕೆ ಈ ರಿಯಾಯಿತಿ ಕೇಳಲಾಗದು. ಉಳುಮೆಯ ಹೊಲವೇ ಆದರೂ ಬ್ಯಾಂಕಿಗೆ ಬೇರೆ ದಾರಿಗಳಿವೆ, ಸಿವಿಲ್ ಕೋರ್ಟಿನ ದಾವೆ ಇದೆ. ನಿಧಾನ ಆಗುತ್ತದೆ, ಇಲ್ಲವಾಗುವುದಿಲ್ಲ.

ಕಾನೂನು ಬಿಟ್ಟ ಬಾಗಿಲು, ಫಾರಂ ಮುಚ್ಚಿದ ಬಾಗಿಲು

ಹಾಗಾದರೆ ತಪ್ಪು ಕಾನೂನಿನದೇ? ಪೂರ್ತಿ ಅಲ್ಲ. ನಮ್ಮ ಜಗಳದ ಗಂಟು ಇರುವುದು ಇಲ್ಲಿ.

128ನೇ ಕಲಂ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಎಂದು ಹೇಳಿ ಅಲ್ಲಿಗೆ ನಿಲ್ಲುವುದಿಲ್ಲ. ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ ಎಂಬ ಮಾತನ್ನೂ ಸೇರಿಸಿದೆ. ಆ ಸಣ್ಣ ಮಾತಿನಲ್ಲಿ ದೊಡ್ಡ ಬಾಗಿಲು ತೆರೆದಿದೆ. "ನನ್ನ ಹೊಣೆ 6 ಲಕ್ಷಕ್ಕೆ ಮಾತ್ರ" ಎಂದು ಬರೆಸಬಹುದು. "ಅಂಗಡಿಯ ದಾಸ್ತಾನು ಮಾರಿದ ಮೇಲೆ ಉಳಿದದ್ದಕ್ಕೆ ಮಾತ್ರ" ಎಂದು ಬರೆಸಬಹುದು. "ಮನೆ ಅಡಮಾನ ಮಾತ್ರ, ವೈಯಕ್ತಿಕ ಜಾಮೀನು ಇಲ್ಲ" ಎಂದು ಹೇಳಬಹುದು. ಇದ್ಯಾವುದೂ ಕಾನೂನಿಗೆ ವಿರುದ್ಧವಲ್ಲ.

ಅಷ್ಟೇ ಅಲ್ಲ, ಅದೇ ಕಾಯ್ದೆ ಜಾಮೀನುದಾರನಿಗೆ ಕೆಲವು ರಕ್ಷಣೆ ಕೊಟ್ಟಿದೆ. 133ನೇ ಕಲಂ ಪ್ರಕಾರ ಜಾಮೀನುದಾರನ ಒಪ್ಪಿಗೆ ಇಲ್ಲದೆ ಸಾಲದ ಷರತ್ತು ಬದಲಾಯಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ. 141ನೇ ಕಲಂ ಪ್ರಕಾರ ಬ್ಯಾಂಕು ತನ್ನ ಕೈಯಲ್ಲಿದ್ದ ಬೇರೆ ಆಧಾರವನ್ನು ಜಾಮೀನುದಾರನ ಒಪ್ಪಿಗೆಯಿಲ್ಲದೆ ಬಿಟ್ಟುಕೊಟ್ಟರೆ, ಆ ಆಧಾರದ ಬೆಲೆಯಷ್ಟು ಹೊಣೆಯಿಂದ ಅವನು ಬಿಡುಗಡೆ. ಅಳಿಯನ ಅಂಗಡಿಯಲ್ಲಿ 4 ಲಕ್ಷದ ದಾಸ್ತಾನು ಇದ್ದು, ಬ್ಯಾಂಕಿನವರೇ ಅದನ್ನು ಬಿಟ್ಟುಕೊಟ್ಟಿದ್ದರೆ, ಮಾವ ಆ 4 ಲಕ್ಷವನ್ನು ನನ್ನ ಹೊಣೆಯಲ್ಲಿ ಕಳೆಯಿರಿ ಎಂದು ಕೇಳಬಹುದು. 130ನೇ ಕಲಂ ಪ್ರಕಾರ ಮುಂದುವರಿಯುವ ಜಾಮೀನನ್ನು ನೋಟಿಸು ಕೊಟ್ಟು ಮುಂದಿನ ವ್ಯವಹಾರಗಳ ಮಟ್ಟಿಗೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಸಿ.ಸಿ. ಸಾಲದ ಜಾಮೀನು ಇಂಥ ಮುಂದುವರಿಯುವ ಜಾಮೀನೇ. ಅಳಿಯ ಒಮ್ಮೆ ಪೂರ್ತಿ ಕಟ್ಟಿ ಖಾತೆ ಸೊನ್ನೆಗೆ ಬಂದರೂ ಅದು ಮುಗಿಯುವುದಿಲ್ಲ, ಮತ್ತೆ ತೆಗೆದ ಹಣಕ್ಕೂ ಅಂಟಿಕೊಳ್ಳುತ್ತದೆ.

ಇಷ್ಟು ರಕ್ಷಣೆ ಇದ್ದರೂ ಮಾವನಿಗೆ ಏಕೆ ದಕ್ಕಲಿಲ್ಲ? ಏಕೆಂದರೆ ಅಚ್ಚಾದ ಜಾಮೀನು ಫಾರಂ ತೆಗೆದು ನೋಡಿ. "ಕರಾರು ಕಾಯ್ದೆಯ ಇಂತಿಂಥ ಕಲಮುಗಳಲ್ಲಿ ನನಗಿರುವ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ" ಎಂಬ ಅರ್ಥದ ಒಂದು ಸಾಲು ಹೆಚ್ಚಿನವುಗಳಲ್ಲಿ ಇಂಗ್ಲಿಷಿನಲ್ಲಿ ಕೂತಿರುತ್ತದೆ. ಬಿಟ್ಟುಕೊಟ್ಟವನು ಬಿಟ್ಟುಕೊಟ್ಟವನೇ ಎಂದು ಕೋರ್ಟುಗಳೂ ಒಪ್ಪಿವೆ. ಜಾಮೀನು ಹಿಂಪಡೆಯುತ್ತೇನೆ ಎಂದು ಹೋದ ಒಬ್ಬ ಜಾಮೀನುದಾರನಿಗೆ ಸುಪ್ರೀಂ ಕೋರ್ಟು 2008ರಲ್ಲಿ, ಹಿಂಪಡೆಯುವ ಹಕ್ಕನ್ನು ನೀವೇ ಕರಾರಿನಲ್ಲಿ ಬಿಟ್ಟುಕೊಟ್ಟಿದ್ದೀರಿ ಎಂದು ಹೇಳಿ ಕಳಿಸಿತು.

ಅಂದರೆ ಪಾರ್ಲಿಮೆಂಟು ಕೊಟ್ಟ ಹಕ್ಕನ್ನು ಒಂದು ಅಚ್ಚಾದ ಸಾಲು ಕಿತ್ತುಕೊಳ್ಳುತ್ತದೆ. ಆ ಸಾಲನ್ನು ಓದಲು ಬಾರದವನು ಅದರ ಕೆಳಗೆ ಸಹಿ ಹಾಕುತ್ತಾನೆ, ಕೆಲವೊಮ್ಮೆ ಹೆಬ್ಬೆಟ್ಟು ಒತ್ತುತ್ತಾನೆ. ಇದನ್ನು ಒಪ್ಪಿಗೆ ಎಂದು ಕರೆಯಲು ನಮಗೆ ನಾಲಿಗೆ ಬರುವುದಿಲ್ಲ.

ಬ್ಯಾಂಕಿನವರ ಮಾತಿಗೂ ಜವಾಬು ಕೊಡೋಣ

ಬ್ಯಾಂಕಿನವರು ಹೇಳುವುದು ಸುಳ್ಳಲ್ಲ. ಅವರು ಕೊಡುವುದು ಠೇವಣಿದಾರರ ಹಣ. ಆ ಠೇವಣಿದಾರರಲ್ಲಿ ನಮ್ಮ ಹಳ್ಳಿಯ ನಿವೃತ್ತ ಮೇಷ್ಟ್ರೂ ಇದ್ದಾರೆ, ಹಾಲಿನ ಹಣ ಕೂಡಿಟ್ಟ ಅಕ್ಕನೂ ಇದ್ದಾಳೆ. ಆಧಾರ ಇಲ್ಲದೆ ಕೊಟ್ಟರೆ ಆ ಹಣ ಮುಳುಗುತ್ತದೆ. ಜಾಮೀನುದಾರ ಹೊಣೆ ಹೊತ್ತಿದ್ದಾನೆ ಎಂಬ ಭಯದಿಂದಲೇ ಅಳಿಯ ಸರಿಯಾಗಿ ಕಟ್ಟುತ್ತಾನೆ ಎಂಬ ಮಾತಿನಲ್ಲೂ ಅರ್ಥವಿದೆ.

ಒಪ್ಪಿದೆವು. ಆದರೆ 6 ಲಕ್ಷದ ಸಾಲಕ್ಕೆ 12 ಲಕ್ಷದ ಮನೆ ಆಧಾರವಾಗಿ ಕೈಯಲ್ಲಿದ್ದಾಗ ಆ ಠೇವಣಿದಾರನ ಹಣ ಕಾಯಲು ಅದು ಸಾಲದೇ? ಸಾಲದು ಎಂದಾದರೆ ಮಿತಿಯನ್ನು 10 ಲಕ್ಷಕ್ಕೆ ಏರಿಸಿದ್ದೇಕೆ? ಮಿತಿ ಏರಿಸುವಾಗ ಅಪಾಯ ಹೆಚ್ಚಾದದ್ದು ಯಾರಿಗೆ? ಬ್ಯಾಂಕಿಗೆ ಬಡ್ಡಿಯ ಆದಾಯ ಹೆಚ್ಚಿತು, ಅಳಿಯನಿಗೆ ಬಂಡವಾಳ ಹೆಚ್ಚಿತು, ಮಾವನಿಗೆ ಅಪಾಯ ಮಾತ್ರ ಹೆಚ್ಚಿತು. ಲಾಭದಲ್ಲಿ ಪಾಲಿಲ್ಲದವನ ಮೇಲೆ ನಷ್ಟದ ಪಾಲು ಪೂರ್ತಿ ಹೊರಿಸುವ ಮುನ್ನ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದು ಉಪಕಾರವಲ್ಲ, ಕನಿಷ್ಠ ಮರ್ಯಾದೆ.

ಮಿತಿ ಬರೆಸಿದ್ದರೆ ಏನಾಗುತ್ತಿತ್ತು ಎಂದು ಅದೇ ಲೆಕ್ಕದಲ್ಲಿ ನೋಡಿ. ಅಡಮಾನ ಪತ್ರ, ಜಾಮೀನು ಪತ್ರ ಎರಡರಲ್ಲೂ "6 ಲಕ್ಷ ಮತ್ತು ಕೇಳಿಕೆ ನೋಟಿಸಿನ ನಂತರದ ಬಡ್ಡಿ, ಖರ್ಚು" ಎಂದು ಇದ್ದಿದ್ದರೆ, ವರ್ಷಕ್ಕೆ ನೂರಕ್ಕೆ 12ರಂತೆ ಹತ್ತು ತಿಂಗಳ ಬಡ್ಡಿ 60 ಸಾವಿರ. ಹರಾಜಿನ 9 ಲಕ್ಷದಲ್ಲಿ ಖರ್ಚು 50 ಸಾವಿರ, ಸಾಲಕ್ಕೆ 6 ಲಕ್ಷ, ಬಡ್ಡಿಗೆ 60 ಸಾವಿರ ಕಳೆದರೆ 1 ಲಕ್ಷ 90 ಸಾವಿರ ಮಾವನ ಕೈಗೆ ವಾಪಸು. ಒಂದು ಸಾಲು ಬರೆಸಿದ್ದಕ್ಕೆ, 3 ಲಕ್ಷ 80 ಸಾವಿರ ಬಾಕಿದಾರನಾಗುವವನು ಸುಮಾರು ಎರಡು ಲಕ್ಷ ಕೈಯಲ್ಲಿ ಹಿಡಿದು ಹೊರಬರುತ್ತಿದ್ದ. ಮಿತಿ ಎರಡೂ ಪತ್ರದಲ್ಲಿರಬೇಕು ಎನ್ನುವುದನ್ನು ಮರೆಯಬೇಡಿ. ಜಾಮೀನಿಗೆ ಮಾತ್ರ ಮಿತಿ ಹಾಕಿ ಅಡಮಾನವನ್ನು "ಸಾಲಗಾರನ ಎಲ್ಲ ಬಾಕಿಗೆ" ಎಂದು ಬಿಟ್ಟರೆ ಹರಾಜಿನ ಹಣ ಪೂರ್ತಿ ಅತ್ತಲೇ ಹೋಗುತ್ತದೆ.

ನಮ್ಮ ಮನೆಯೊಳಗಿನವರಿಗೂ ಒಂದು ಮಾತು. ಮಗಳ ಸಂಸಾರದ ಮುಖ ನೋಡಿ ಮಾವ ಇಲ್ಲ ಎನ್ನಲಾರ ಎಂದು ಗೊತ್ತಿದ್ದೇ ಕೇಳುವುದು, ಮಿತಿ ಏರಿಸುವಾಗ ಅದನ್ನು ಮುಚ್ಚಿಡುವುದು, ಕಂತು ನಿಂತ ಮೇಲೂ "ಏನೂ ಆಗಲ್ಲ ಬಿಡಿ" ಎನ್ನುವುದು, ಇದು ಬ್ಯಾಂಕಿನ ಫಾರಂಗಿಂತ ಕಡಿಮೆ ಮೋಸವೇನಲ್ಲ.

ನೋಟಿಸು ಬಂದಾಗ ದಿನ ಎಣಿಸಿ

ಸರ್ಫೇಸಿ ಕಾಯ್ದೆಯಲ್ಲಿ ದಿನಗಳೇ ಎಲ್ಲ. ಮೊದಲು ಬರುವುದು 13(2)ರ ನೋಟಿಸು, 60 ದಿನದಲ್ಲಿ ಬಾಕಿ ಕಟ್ಟಿ ಎಂದು. ಇದನ್ನು ಅಳಿಯನಿಗೆ ಕೊಟ್ಟು ಸುಮ್ಮನಾಗಬೇಡಿ. ನಿಮ್ಮ ಹೆಸರಿನಲ್ಲಿ ನೀವೇ ಲಿಖಿತ ಆಕ್ಷೇಪಣೆ ಕೊಡಬಹುದು. ಅದನ್ನು ಒಪ್ಪದಿದ್ದರೆ ಬ್ಯಾಂಕು 15 ದಿನದೊಳಗೆ ಕಾರಣ ಹೇಳಿ ಉತ್ತರಿಸಬೇಕು. ಲೆಕ್ಕ ತಪ್ಪಿದ್ದರೆ, ಮಿತಿ ಏರಿಸಿದ್ದಕ್ಕೆ ನಿಮ್ಮ ಸಹಿ ಇಲ್ಲದಿದ್ದರೆ, ದಾಸ್ತಾನು ಏನಾಯಿತು ಎಂದು ಕೇಳಬೇಕಿದ್ದರೆ, ಕೇಳುವ ಜಾಗ ಇದೇ.

60 ದಿನ ಮುಗಿದ ಮೇಲೆ ಸ್ವಾಧೀನದ ನೋಟಿಸು. ಅದನ್ನು ಮನೆ ಬಾಗಿಲಿಗೆ ಅಂಟಿಸುತ್ತಾರೆ, ಎರಡು ಪತ್ರಿಕೆಗಳಲ್ಲಿ ಹಾಕುತ್ತಾರೆ, ಅದರಲ್ಲಿ ಒಂದು ಕನ್ನಡದ್ದಾಗಿರಬೇಕು. ಮನೆಯೊಳಗೆ ನೀವು ಇನ್ನೂ ವಾಸವಿದ್ದರೂ ಕಾಗದದ ಮೇಲೆ ಸ್ವಾಧೀನ ಆದಂತೆ. ಅಲ್ಲಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿ.ಆರ್.ಟಿ.ಗೆ, ಅರ್ಜಿ ಹಾಕಬೇಕು. ನಮ್ಮ ರಾಜ್ಯಕ್ಕೆ ಆ ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ. ಬೀದರಿನ ಮಾವನೂ ಅಲ್ಲಿಗೇ ಹೋಗಬೇಕು. ಜಿಲ್ಲೆಯ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ತರುತ್ತೇನೆ ಎಂದು ಹೋದವರು 45 ದಿನವನ್ನು ಅಲ್ಲೇ ಕಳೆದುಕೊಳ್ಳುತ್ತಾರೆ, ಏಕೆಂದರೆ ಈ ಕಾಯ್ದೆಯಡಿಯ ಕ್ರಮಗಳಿಗೆ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ.

ಹರಾಜಿಗೆ ಮುನ್ನ 30 ದಿನದ ಮಾರಾಟ ನೋಟಿಸು ಕೊಡಬೇಕು. ಇಲ್ಲೊಂದು ಗಡುವು ಬಹಳ ಜನರಿಗೆ ಗೊತ್ತಿಲ್ಲ. ಹರಾಜಿನ ದಿನದವರೆಗೂ ಹಣ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು ಎಂಬುದು ಹಳೆಯ ಮಾತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ನೋಟಿಸು ಪ್ರಕಟವಾಗುವವರೆಗೆ ಮಾತ್ರ. ಹಣ ಹೊಂದಿಸುವುದಿದ್ದರೆ ಪತ್ರಿಕೆಯಲ್ಲಿ ಬರುವ ಮುನ್ನ ಹೊಂದಿಸಿ.

ನೀವೇ ಕಟ್ಟಿ ಸಾಲ ತೀರಿಸಿದರೆ, 140ನೇ ಕಲಂ ಪ್ರಕಾರ ಬ್ಯಾಂಕಿಗೆ ಅಳಿಯನ ಮೇಲಿದ್ದ ಹಕ್ಕುಗಳು ನಿಮ್ಮದಾಗುತ್ತವೆ. ಕಟ್ಟಿದ್ದು ಜಾಮೀನುದಾರನಾಗಿ ನೀವು ಎಂದು ರಸೀದಿಯಲ್ಲಿ ಬರೆಸಿ. ಅಳಿಯನ ಖಾತೆಗೆ ಸುಮ್ಮನೆ ಹಣ ಹಾಕಿದರೆ ನಾಳೆ ಅದು ಯಾರ ಹಣ ಎಂದು ಸಾಬೀತು ಮಾಡುವುದೇ ಒಂದು ಕೇಸಾಗುತ್ತದೆ.

ಸಹಿಗೆ ಮುಂಚೆ, ಸಹಿಯ ಮೇಲೆ

ಸಹಿಗೆ ಮುಂಚೆ ಮೂರೇ ಪ್ರಶ್ನೆ ಕೇಳಿ. ನಾನು ಅಡಮಾನ ಮಾತ್ರ ಕೊಡುತ್ತಿದ್ದೇನೆಯೇ, ಜಾಮೀನೂ ಆಗುತ್ತಿದ್ದೇನೆಯೇ? ಎಷ್ಟು ರೂಪಾಯಿಗೆ? ಸಹಿ ಹಾಕಿದ ಪ್ರತಿಯೊಂದು ಕಾಗದದ ನಕಲು ಇವತ್ತೇ ಕೊಡುತ್ತೀರಾ? ಉತ್ತರ ಬಾಯಲ್ಲಿ ಬಂದರೆ ಸಾಲದು, ಪತ್ರದಲ್ಲಿ ಬರಬೇಕು. ಮೊತ್ತದ ಜಾಗ ಖಾಲಿ ಬಿಟ್ಟ ಫಾರಂಗೆ ಸಹಿ ಹಾಕಲೇಬೇಡಿ.

ಸಹಿ ಆಗಲೇ ಹಾಕಿದವರು ಈ ವಾರವೇ ಒಂದು ಪತ್ರ ಬರೆಯಿರಿ. ಸಾಲ ಇನ್ನೂ ಸುಸ್ತಿ ಆಗಿರದಿದ್ದರೆ ಇದರ ಬೆಲೆ ಹೆಚ್ಚು:

"ಶಾಖಾ ವ್ಯವಸ್ಥಾಪಕರಿಗೆ. ಇಂಥವರ ಇಂಥ ಸಂಖ್ಯೆಯ ಸಾಲ ಖಾತೆಗೆ ನಾನು ಜಾಮೀನುದಾರ ಹಾಗೂ ಅಡಮಾನ ಕೊಟ್ಟವನಾಗಿದ್ದೇನೆ. ಇಂದಿನ ಬಾಕಿ ಎಷ್ಟು, ಮಂಜೂರಾದ ಮಿತಿ ಎಷ್ಟು, ನನ್ನ ಸಹಿಯಿರುವ ಎಲ್ಲ ಪತ್ರಗಳ ನಕಲು ತಿಳಿಸಿ. ಇಂದಿನಿಂದ ಮುಂದಿನ ಯಾವುದೇ ಹೊಸ ವ್ಯವಹಾರಕ್ಕೆ ನನ್ನ ಜಾಮೀನನ್ನು ಹಿಂಪಡೆಯುತ್ತಿದ್ದೇನೆ. ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಮಿತಿ ಏರಿಸಬಾರದು."

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದರ ಪುರಾವೆ ಜೋಪಾನ ಮಾಡಿ. ನಿಮ್ಮ ಜಾಮೀನು ಪತ್ರದಲ್ಲಿ ಹಿಂಪಡೆಯುವ ಹಕ್ಕನ್ನು ಬಿಟ್ಟುಕೊಟ್ಟಿದ್ದರೆ ಆ ಒಂದು ಸಾಲು ನಿಲ್ಲದೆ ಹೋಗಬಹುದು. ಈ ಪತ್ರ ಹೋದ ಮೇಲೆ ಬ್ಯಾಂಕು ಆ ಖಾತೆಯ ಹೊಸ ವ್ಯವಹಾರವನ್ನೂ ನಿಲ್ಲಿಸಬಹುದು, ಹಾಗಾಗಿ ಅಳಿಯನಿಗೆ ಮೊದಲೇ ಹೇಳಿಯೇ ಕಳಿಸಿ. ಆದರೂ ಬಾಕಿಯ ಲೆಕ್ಕ ಕೈಗೆ ಬರುತ್ತದೆ, ನಿಮಗೆ ತಿಳಿಸದೆ ಮಿತಿ ಏರಿಸುವ ಧೈರ್ಯ ಕಡಿಮೆಯಾಗುತ್ತದೆ. ನೋಟಿಸು ಆಗಲೇ ಬಂದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ.

ಬ್ಯಾಂಕುಗಳ ಮುಂದೆ ನಮ್ಮ ಬೇಡಿಕೆ ಮೂರು. ಜಾಮೀನು ಪತ್ರ ಕನ್ನಡದಲ್ಲಿರಲಿ. ಅದರ ಮೊದಲ ಪುಟದಲ್ಲೇ ಮೊತ್ತದ ಮಿತಿ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಮನೆ ಅಡವಿಟ್ಟವನಿಂದ ಜಾಮೀನನ್ನೂ ಬರೆಸಿಕೊಳ್ಳುವುದು ರೂಢಿಯಾಗಿ ಅಲ್ಲ, ಅಡಮಾನದ ಬೆಲೆ ಸಾಲಕ್ಕೆ ಕಡಿಮೆ ಬಿದ್ದಾಗ ಮಾತ್ರ, ಕಡಿಮೆ ಬಿದ್ದಷ್ಟಕ್ಕೆ ಮಾತ್ರ ನಡೆಯಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 128ನೇ ಕಲಮಿನ ಆ ಸಣ್ಣ ಮಾತು 1872ರಿಂದ ಅಲ್ಲೇ ಇದೆ. ಫಾರಂ ಅಚ್ಚು ಹಾಕಿಸುವವರು ಅದನ್ನು ಒಮ್ಮೆ ಓದಿದರೆ ಸಾಕು.